ತಡವಾಗಿ ಬಂದ ಆರ್ಡರ್‌ಗೂ ಡೆಲಿವರಿ ಶುಲ್ಕ ಹಿಡ್ಕೊಂಡಿದ್ದಾರೆ, ವಾಪಸ್ ಕೇಳೋ ಪತ್ರ ನೋಡಿ ಹೇಳಿ

ಶ್ರೀದೇವಿ, ರಾಜರಾಜೇಶ್ವರಿ ನಗರ

ಎಲ್ಲರಿಗೂ ನಮಸ್ಕಾರ. ದಿನಸಿ ತರಿಸೋ ಒಂದು ಆ್ಯಪ್‌ನಲ್ಲಿ ಶನಿವಾರ ಬೆಳಗ್ಗೆ 7ರಿಂದ 8ರ ಸ್ಲಾಟ್ ತಗೊಂಡಿದ್ದೆ. ಹಾಲು, ಮೊಸರು, ಇಡ್ಲಿ ರವೆ, ಒಂದಿಷ್ಟು ತರಕಾರಿ, ಸಾಮಾನಿನ ಲೆಕ್ಕ 438 ರೂಪಾಯಿ. ಡೆಲಿವರಿ ಶುಲ್ಕ 40, ಅದರ ಮೇಲೆ ಜಿಎಸ್‌ಟಿ 7 ರೂಪಾಯಿ 20 ಪೈಸೆ. ಒಟ್ಟು 485.20 ಮೊದಲೇ ಯುಪಿಐನಲ್ಲಿ ಕಟ್ಟಿದ್ದೀನಿ. ಅವರದೇ ಸಹಾಯ ಪುಟದಲ್ಲಿ "ಸ್ಲಾಟ್ ಮುಗಿದ 30 ನಿಮಿಷದೊಳಗೆ ಆರ್ಡರ್ ತಲುಪದಿದ್ದರೆ ಡೆಲಿವರಿ ಶುಲ್ಕ ವಾಪಸ್" ಅಂತ ಬರೆದಿದ್ದಾರೆ. ಅಂದ್ರೆ 8:30ರ ತನಕ ಅವರಿಗೆ ಸಮಯ. ಸಾಮಾನು ಮನೆ ಬಾಗಿಲಿಗೆ ಬಂದಾಗ 9:22.

ಶುಲ್ಕ ತಾನಾಗಿ ವಾಪಸ್ ಬರುತ್ತೆ ಅಂದ್ಕೊಂಡಿದ್ದೆ. ಬರಲಿಲ್ಲ. ಚಾಟ್‌ನಲ್ಲಿ ಕೇಳಿದ್ರೆ "ನಮ್ಮ ದಾಖಲೆ ಪ್ರಕಾರ 7:58ಕ್ಕೆ ಡೆಲಿವರಿ ಆಗಿದೆ" ಅಂತ ಹೇಳಿ, 20 ರೂಪಾಯಿ ಕೂಪನ್ ಕೊಟ್ಟು ಚಾಟ್ ಮುಗಿಸಿಬಿಟ್ರು. ಈಗ ಇಮೇಲ್ ಬರೀತಿದ್ದೀನಿ. ಕರಡು ಇದು:

> ಮಾನ್ಯರೇ, ನಾನು ಬಹಳ ಕಾಲದಿಂದ ನಿಮ್ಮ ಗ್ರಾಹಕಿ. ಶನಿವಾರ ನಿಮ್ಮಿಂದ ನಮಗೆ ಆದ ತೊಂದರೆ ಅಷ್ಟಿಷ್ಟಲ್ಲ. ನನ್ನ ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಅವರು ಸಮಯಕ್ಕೆ ತಿಂಡಿ ತಿನ್ನಬೇಕು. ನೀವು ಒಂದೂವರೆ ಗಂಟೆ ತಡ ಮಾಡಿದಿರಿ. ನಿಮ್ಮ ಹುಡುಗ ಬಂದಿದ್ದೇ ತಡ, ಕ್ಷಮೆಯನ್ನೂ ಕೇಳಲಿಲ್ಲ. ಚಾಟ್‌ನಲ್ಲಿ ಸುಳ್ಳು ಸಮಯ ಹೇಳಿದಿರಿ. ಇಂಥ ಸೇವೆಗೆ ಶುಲ್ಕ ತೆಗೆದುಕೊಳ್ಳುವುದು ಎಷ್ಟು ಸರಿ? ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಿ.

ಇದನ್ನ ಹೀಗೇ ಕಳಿಸಬಹುದಾ? ಕನ್ನಡದಲ್ಲೇ ಕಳಿಸಬೇಕು ಅಂತ ಆಸೆ. ಮೊತ್ತ ಸಣ್ಣದು ಅಂತ ಗೊತ್ತು. ಆದ್ರೆ ಬರೆದುಕೊಟ್ಟ ಮಾತನ್ನ ಅವರು ನಡೆಸಿಕೊಡಬೇಕು ಅನ್ನೋದು ನನಗೆ ಮುಖ್ಯ.

ಗುರುಪ್ರಸಾದ್, ಬಸವೇಶ್ವರನಗರ

ಮೇಡಂ, ಇಷ್ಟು ಮೆತ್ತಗೆ ಬರೆದ್ರೆ ಯಾರೂ ಕೇಳಲ್ಲ. ತಡವಾದ್ರೆ ಡೆಲಿವರಿ ಶುಲ್ಕ ತಗೊಳ್ಳೋ ಹಾಗಿಲ್ಲ ಅಂತ ಗ್ರಾಹಕ ಕಾನೂನಿನಲ್ಲೇ ಇದೆ. ಜೊತೆಗೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹಣ ವಾಪಸ್ ಮಾಡೋದು ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನೂ ಸೇರಿಸಿ ಬರೀರಿ.

ವಸುಧಾ ಕೆ., ಜಯನಗರ

ಶ್ರೀದೇವಿಯವರೇ, ಬೇರೊಂದು ಕಂಪನಿಯ ಗ್ರಾಹಕ ಸೇವೆಯಲ್ಲಿ ಕೆಲವು ವರ್ಷ ತಂಡ ನೋಡಿಕೊಂಡವಳು ನಾನು. ಪತ್ರ ಆ ಕಡೆ ಹೇಗೆ ಓದಲ್ಪಡುತ್ತೆ ಅಂತ ಹೇಳ್ತೀನಿ, ಆಮೇಲೆ ನಿಮ್ಮ ಕರಡಿಗೆ ಬರ್ತೀನಿ.

ಪತ್ರ ಬಂದ ಕೂಡಲೇ ಯಾರೋ ಒಬ್ಬರು ಅದನ್ನ ಒಂದು ವರ್ಗಕ್ಕೆ ಹಾಕ್ತಾರೆ. "ತಡವಾದ ಡೆಲಿವರಿ" ಒಂದು ವರ್ಗ, "ಬಿಲ್ಲಿಂಗ್, ಹೆಚ್ಚು ಹಣ ಹಿಡಿದದ್ದು" ಇನ್ನೊಂದು. ನಾನಿದ್ದ ಕಡೆ ಮೊದಲ ವರ್ಗಕ್ಕೆ ಬಿದ್ದ ಪತ್ರಕ್ಕೆ ಸಿದ್ಧ ಉತ್ತರ ಇರ್ತಿತ್ತು: ಕ್ಷಮೆ, ಒಂದು ಕೂಪನ್, ಪ್ರಕರಣ ಮುಕ್ತಾಯ. ಎರಡನೆಯದಕ್ಕೆ ಬಿದ್ದರೆ ಬಿಲ್ ತೆಗೆದು ನೋಡಲೇಬೇಕಿತ್ತು, ಯಾಕಂದ್ರೆ ಅದು ಲೆಕ್ಕಪತ್ರದವರ ತನಕ ಹೋಗ್ತಿತ್ತು. ನಿಮ್ಮ ಕರಡು ಓದಿದವರು ಕಣ್ಣು ಮುಚ್ಚಿ ಮೊದಲ ವರ್ಗಕ್ಕೆ ಹಾಕ್ತಾರೆ. ತಡ, ಅತ್ತೆ, ತಿಂಡಿ, ಹುಡುಗ, ಕ್ಷಮೆ, ಇವೇ ಕಾಣ್ತವೆ. ಎಷ್ಟು ಹಣ, ಯಾವ ಕಾರಣಕ್ಕೆ, ಎಲ್ಲಿಗೆ ವಾಪಸ್ ಅನ್ನೋದು ಒಂದು ಕಡೆಯೂ ಇಲ್ಲ. ಆರ್ಡರ್ ಸಂಖ್ಯೆಯೂ ಇಲ್ಲ. "ಸೂಕ್ತ ಕ್ರಮ" ಅಂದ್ರೆ ಅವರ ಪಾಲಿಗೆ ಕೂಪನ್ನೇ ಸೂಕ್ತ ಕ್ರಮ.

ನೀವು ಬರೀಬೇಕಾದ್ದು ತಡದ ಬಗ್ಗೆ ಅಲ್ಲ, ತಪ್ಪು ಶುಲ್ಕದ ಬಗ್ಗೆ. ತಡ ಆಗಿದ್ದು ಆ ಶುಲ್ಕ ತಪ್ಪು ಅನ್ನೋದಕ್ಕೆ ಸಾಕ್ಷಿ, ಅಷ್ಟೇ. ವಿಷಯದ ಸಾಲಿನಲ್ಲೇ ಆರ್ಡರ್ ಸಂಖ್ಯೆ ಮತ್ತು 47.20 ರೂಪಾಯಿ ಕಾಣಬೇಕು.

ಗುರುಪ್ರಸಾದ್ ಅವರೇ, ತಡವಾದ್ರೆ ಶುಲ್ಕ ತಗೊಳ್ಳಬಾರದು ಅಂತ ಕಾನೂನಿನಲ್ಲಿ ಎಲ್ಲೂ ನೇರವಾಗಿ ಹೇಳಿಲ್ಲ. ಇಲ್ಲಿ ಶ್ರೀದೇವಿಯವರಿಗೆ ಬಲ ಕೊಡೋದು ಕಂಪನಿ ತಾನೇ ಬರೆದುಕೊಟ್ಟ ಮಾತು. ಆ ಸಾಲು ಇಲ್ಲದಿದ್ದರೆ ಒಂದು ಗಂಟೆ ತಡವಾದರೂ ಸಾಮಾನು ಮನೆಗೆ ತಂದುಕೊಟ್ಟಿದ್ದಾರೆ, ಶುಲ್ಕ ನ್ಯಾಯ ಅಂತ ಅವರು ವಾದಿಸಬಹುದಿತ್ತು. ದಿನಕ್ಕೆ 100 ರೂಪಾಯಿ ಅನ್ನೋದು ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮ ಹೌದು, ಆದರೆ ಅದು ವಿಫಲವಾದ ಪಾವತಿಗೆ. ನಿಮ್ಮ ಖಾತೆಯಿಂದ ಹಣ ಹೋಗಿ ಅಂಗಡಿಯವನಿಗೆ ತಲುಪದೇ ಇದ್ದಾಗ ಅದು ಅನ್ವಯ ಆಗುತ್ತೆ. ಇಲ್ಲಿ ಪಾವತಿ ಸರಿಯಾಗೇ ಆಗಿದೆ. ಅದನ್ನ ಪತ್ರದಲ್ಲಿ ಬರೆದ್ರೆ ಓದುವವರು ಆ ಒಂದು ತಪ್ಪನ್ನ ಹಿಡಿದುಕೊಂಡು ಉಳಿದದ್ದಕ್ಕೆ ಉತ್ತರ ಕೊಡದೆ ಹೋಗ್ತಾರೆ.

ಗುರುಪ್ರಸಾದ್, ಬಸವೇಶ್ವರನಗರ

ರಿಸರ್ವ್ ಬ್ಯಾಂಕ್ ವಿಷಯ ಒಪ್ಪಿದೆ. ಆದ್ರೆ ಕಾನೂನೇ ಇಲ್ಲ ಅಂದ್ರೆ ಹೇಗೆ? ಇ-ಕಾಮರ್ಸ್ ನಿಯಮ ಅಂತ ಇದೆಯಲ್ಲ.

ವಸುಧಾ ಕೆ., ಜಯನಗರ

ಇದೆ, 2020ರ ನಿಯಮಗಳು. ಅದರಿಂದ ನಮಗೆ ಸಿಗೋದು ಬೇರೆ ಉಪಯೋಗ. ಪ್ರತಿ ಕಂಪನಿಯೂ ಕುಂದುಕೊರತೆ ಅಧಿಕಾರಿಯನ್ನ ನೇಮಿಸಿ ಅವರ ಹೆಸರು, ಸಂಪರ್ಕ ವಿವರವನ್ನ ಆ್ಯಪ್‌ನಲ್ಲೇ ತೋರಿಸಬೇಕು. ದೂರು ತಲುಪಿದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಾಗಾಗಿ ಶ್ರೀದೇವಿಯವರೇ, ಮಾಮೂಲಿ ಸಹಾಯ ವಿಳಾಸಕ್ಕೆ ಕಳಿಸೋ ಪತ್ರವನ್ನ ಆ ಅಧಿಕಾರಿಯ ವಿಳಾಸಕ್ಕೂ ಕಳಿಸಿ. ಸಾಮಾನ್ಯವಾಗಿ ಷರತ್ತುಗಳ ಪುಟದಲ್ಲೋ ಸಂಪರ್ಕ ಪುಟದ ತೀರಾ ಕೆಳಗೋ ಇರುತ್ತೆ.

ಲಲಿತಮ್ಮ, ಮತ್ತೀಕೆರೆ

ನಂಗೂ ಇದೇ ಆಯ್ತಮ್ಮ ಶ್ರೀದೇವಿ. 499ರ ಮೇಲೆ ತಗೊಂಡ್ರೆ ಡೆಲಿವರಿ ಉಚಿತ ಅಂದ್ರು, 530 ರೂಪಾಯಿ ಸಾಮಾನು ಹಾಕಿದೆ. ಅವರತ್ರ ತೊಗರಿಬೇಳೆ ಇಲ್ಲ ಅಂತ ಅವರೇ ತೆಗೆದುಹಾಕಿದ್ರು, ಲೆಕ್ಕ 499ಕ್ಕಿಂತ ಕೆಳಗೆ ಬಂತು, ಕೊನೆ ಬಿಲ್ಲಲ್ಲಿ ಡೆಲಿವರಿ ಶುಲ್ಕ ಸೇರಿಕೊಂಡಿದೆ. ಬೇಳೆ ದುಡ್ಡಿನಲ್ಲಿ ಶುಲ್ಕ ಮುರ್ಕೊಂಡು ಮಿಕ್ಕಿದ್ದು ವಾಪಸ್ ಹಾಕಿದ್ದಾರೆ. ಸಮಯಕ್ಕೆ ಸರಿಯಾಗೇ ಬಂದಿತ್ತು. ನಾನೂ ನಿನ್ನ ಪತ್ರಾನೇ ಕಳಿಸಬಹುದಾ?

ವಸುಧಾ ಕೆ., ಜಯನಗರ

ಲಲಿತಮ್ಮನವರೇ, ನಿಮ್ಮದು ಬೇರೆ ಪ್ರಕರಣ, ಶ್ರೀದೇವಿಯವರ ಪತ್ರ ನಿಮಗೆ ಹೊಂದಲ್ಲ. ಆದ್ರೆ ನಿಮ್ಮದೂ ಗಟ್ಟಿ ಪ್ರಕರಣವೇ. ಆರ್ಡರ್ ಖಚಿತವಾದಾಗ ಬಂದ ಮೆಸೇಜಿನಲ್ಲಿ ಮೊತ್ತ 530, ಡೆಲಿವರಿ ಸೊನ್ನೆ ಅಂತ ಇದ್ದೇ ಇರುತ್ತೆ. ಅದನ್ನೂ ಕೊನೆ ಬಿಲ್ಲನ್ನೂ ಜೊತೆಗಿಟ್ಟು, "ವಸ್ತು ಇಲ್ಲದ್ದು ನಿಮ್ಮ ಕಡೆಯಿಂದ, ನಾನು ಏನನ್ನೂ ತೆಗೆಯಲಿಲ್ಲ, ನಾನು ಒಪ್ಪಿ ಹಣ ಕಟ್ಟಿದಾಗ ಈ ಶುಲ್ಕ ಇರಲಿಲ್ಲ" ಅಂತ ಬರೀರಿ. ಕಳಿಸೋ ಮುಂಚೆ ಅವರ ಷರತ್ತಿನಲ್ಲಿ "ಕೊನೆಯ ಬಿಲ್ ಮೊತ್ತದ ಮೇಲೆ ಶುಲ್ಕ ನಿರ್ಧಾರ" ಅಂತ ಎಲ್ಲಾದರೂ ಇದೆಯಾ ನೋಡಿಕೊಳ್ಳಿ. ಇದ್ರೆ ಅವರು ಅದನ್ನೇ ಹಿಡೀತಾರೆ.

ಮಂಜುನಾಥ, ಕೆಂಗೇರಿ

ಅಕ್ಕ, ನಾನು ಡೆಲಿವರಿ ಕೆಲಸಾನೇ ಮಾಡೋದು, ನೀವು ಹೇಳಿದ ಕಂಪನಿ ಯಾವುದು ಅಂತ ಗೊತ್ತಿಲ್ಲ. 7:58 ಹೇಗೆ ಬಂತು ಅಂತ ನಂಗೆ ಅಂದಾಜಿದೆ. ಸ್ಲಾಟ್ ಆರ್ಡರ್‌ನಲ್ಲಿ ಒಂದೇ ಚೀಲದಲ್ಲಿ ಸುಮಾರು ಮನೆಗಳ ಸಾಮಾನು ಕೊಟ್ಟು ಕಳಿಸ್ತಾರೆ. ಗೋಡೌನ್‌ನಲ್ಲಿ ಪ್ಯಾಕ್ ಆಗೋದೇ ತಡವಾದ್ರೆ ಕೊನೆ ಮನೆಗೆ ಸ್ಲಾಟ್ ಒಳಗೆ ಮುಟ್ಟೋಕೆ ಆಗಲ್ಲ. ಆಗ "ಎಲ್ಲ ಡೆಲಿವರ್ಡ್ ಒತ್ತಿಬಿಡು, ಆಮೇಲೆ ಕೊಡು" ಅಂತ ಮೇಲಿಂದ ಫೋನ್ ಬರುತ್ತೆ. ಒತ್ತದಿದ್ರೆ ನಮ್ಮ ರೇಟಿಂಗ್ ಇಳಿಯುತ್ತೆ. ನಗದು ಇದ್ದರೆ ಅಥವಾ ಓಟಿಪಿ ಕೇಳಿದ್ರೆ ಹಾಗೆ ಒತ್ತೋಕೆ ಬರಲ್ಲ. ನಿಮ್ಮದು ಮೊದಲೇ ದುಡ್ಡು ಕಟ್ಟಿದ ಆರ್ಡರ್, ಓಟಿಪಿ ಇರಲಿಲ್ಲ ಅನ್ಸುತ್ತೆ.

ಒಂದು ಕೇಳ್ಕೋತೀನಿ. ಹುಡುಗ ಕ್ಷಮೆ ಕೇಳಲಿಲ್ಲ ಅನ್ನೋ ಸಾಲು ತೆಗೀರಿ. ಕಂಪನಿ ನಿಮಗೆ 40 ರೂಪಾಯಿ ಕೊಟ್ಟು ಅವನ ಐಡಿ ಬ್ಲಾಕ್ ಮಾಡಿದ್ರೆ ಅವನ ಮನೆ ನಡೆಯೋದು ನಿಲ್ಲುತ್ತೆ.

ಶ್ರೀದೇವಿ, ರಾಜರಾಜೇಶ್ವರಿ ನಗರ

ಮಂಜುನಾಥ, ಖಂಡಿತ ತೆಗೀತೀನಿ. ನನ್ನ ತಕರಾರು ಅವನ ಮೇಲೆ ಅಲ್ಲ. ಓಟಿಪಿ ಇರಲಿಲ್ಲ ನಿಜ.

ವಸುಧಾ ಅವರೇ, ಸಾಕ್ಷಿ ಅಂದ್ರೆ ಏನೇನು ಲಗತ್ತಿಸಲಿ? ನಾನು 8:45ಕ್ಕೆ ಕೆಲಸಕ್ಕೆ ಹೊರಟೆ, ಸಾಮಾನು ತಗೊಂಡಿದ್ದು ಅತ್ತೆ. ಅವರು ಸಮಯ ನೋಡಿದ್ದಾರೆ, ಬರೆದುಕೊಡ್ತಾರೆ.

ವಸುಧಾ ಕೆ., ಜಯನಗರ

ಅತ್ತೆಯವರ ಮಾತನ್ನ ನಾನು ನಂಬ್ತೀನಿ. ಆದ್ರೆ ಕಂಪನಿಗೆ ಅದು ನೀವು ಹೇಳಿದ ಹಾಗೇ ಲೆಕ್ಕ. ಅವರ ಹತ್ತಿರ ಯಂತ್ರ ಬರೆದ ಸಮಯ ಇದೆ, ಅದನ್ನ ಅಲ್ಲಾಡಿಸೋಕೆ ಇನ್ನೊಂದು ಯಂತ್ರ ಬರೆದ ಸಮಯ ಬೇಕು. ನೀವಿರೋದು ಅಪಾರ್ಟ್‌ಮೆಂಟಾ? ಗೇಟಿನಲ್ಲಿ ಒಳಗೆ ಬಿಡೋ ಮುಂಚೆ ಆ್ಯಪ್‌ನಲ್ಲಿ ಒಪ್ಪಿಗೆ ಕೇಳ್ತಾರಾ? ರೈಡರ್ ನಿಮಗೆ ಫೋನ್ ಮಾಡಿದ್ನಾ?

ಶ್ರೀದೇವಿ, ರಾಜರಾಜೇಶ್ವರಿ ನಗರ

ಹೌದು, ಅಪಾರ್ಟ್‌ಮೆಂಟ್. ಈಗ ನೋಡಿದೆ. ಗೇಟ್ ಆ್ಯಪ್‌ನಲ್ಲಿ 9:17ಕ್ಕೆ "ಡೆಲಿವರಿ, ಪ್ರವೇಶಕ್ಕೆ ಅನುಮತಿ" ಅಂತ ಇದೆ, ಕಂಪನಿ ಹೆಸರೂ ನಮ್ಮ ಫ್ಲಾಟ್ ಸಂಖ್ಯೆಯೂ ಇದೆ. ನಾನೇ ದಾರಿಯಲ್ಲಿ ಒಪ್ಪಿಗೆ ಒತ್ತಿದ್ದು. ಅದಕ್ಕೂ ಮುಂಚೆ 9:08ಕ್ಕೆ ರೈಡರ್ ಫೋನ್ ಮಾಡಿ ಯಾವ ಗೇಟು ಅಂತ ಕೇಳಿದ್ದ. ಕರೆ ಪಟ್ಟಿಯಲ್ಲಿ ಇದೆ, ಆದ್ರೆ ಅದು ಕಂಪನಿಯ ಮಧ್ಯವರ್ತಿ ನಂಬರ್, ಅವನ ಸ್ವಂತದ್ದಲ್ಲ.

ವಸುಧಾ ಕೆ., ಜಯನಗರ

ಮಧ್ಯವರ್ತಿ ನಂಬರ್ ಆಗಿರೋದೇ ಒಳ್ಳೇದು. ಆ ಕರೆ ಕಂಪನಿಯ ವ್ಯವಸ್ಥೆಯ ಮೂಲಕವೇ ಬಂದಿದೆ ಅಂದ್ರೆ ಅದರ ದಾಖಲೆ ಅವರ ಹತ್ತಿರವೂ ಇರುತ್ತೆ. 7:58ಕ್ಕೆ ಸಾಮಾನು ಕೊಟ್ಟು ಹೋದವನು 9:08ಕ್ಕೆ ಫೋನ್ ಮಾಡಿ ಗೇಟು ಯಾವುದು ಅಂತ ಯಾಕೆ ಕೇಳ್ತಾನೆ? ಈ ಒಂದು ಪ್ರಶ್ನೆಯನ್ನ ಪತ್ರದಲ್ಲಿ ಇಟ್ಟರೆ ಸಾಕು, ಅವರ ದಾಖಲೆ ತಪ್ಪು ಅಂತ ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ. "ಸುಳ್ಳು" ಅನ್ನೋ ಪದ ತೆಗೀರಿ. ಚಾಟ್‌ನಲ್ಲಿ ಮಾತಾಡಿದವರು ಪರದೆ ಮೇಲಿದ್ದ ಸಮಯ ಓದಿದ್ದಾರೆ, ಅಷ್ಟೇ.

ಲಗತ್ತಿಗೆ ಇಷ್ಟು ಸಾಕು: ಸ್ಲಾಟ್ ತೋರಿಸೋ ಆರ್ಡರ್ ಮೆಸೇಜು, ಬಿಲ್, ಗೇಟ್ ಆ್ಯಪ್ ಪರದೆ, ಕರೆ ಪಟ್ಟಿ, ಚಾಟ್. ಇನ್ನೊಂದು, ಇದು ತುಂಬ ಮುಖ್ಯ: ಶುಲ್ಕ ವಾಪಸ್ ಅಂತ ಬರೆದಿರೋ ಆ ಸಹಾಯ ಪುಟದ ಚಿತ್ರವನ್ನ ಇವತ್ತೇ ತೆಗೆದಿಡಿ, ದಿನಾಂಕ ಕಾಣೋ ಹಾಗೆ. ಆ ಪುಟ ಬದಲಾದ್ರೆ ನಿಮ್ಮ ಇಡೀ ವಾದದ ಕಾಲು ಹೋಗುತ್ತೆ. ಚಾಟೂ ಅಷ್ಟೇ, ಕೆಲವು ಆ್ಯಪ್‌ಗಳಲ್ಲಿ ಸ್ವಲ್ಪ ದಿನ ಆದಮೇಲೆ ಕಾಣಲ್ಲ.

ರೇಣುಕಾ, ಧಾರವಾಡದಾಕಿ, ಈಗ ಯಲಹಂಕ

ನಾ ಅನ್ನೂದು ಏನಂದ್ರ, ಬರೇ 47 ರೂಪಾಯಿ ಯಾಕ ಕೇಳ್ತೀರಿ? ಅತ್ತಿಗೆ ತ್ರಾಸ ಆಗೇದ, ಮಾನಸಿಕ ಕಿರಿಕಿರಿಗೆ 5000 ಪರಿಹಾರ ಅಂತ ಬರದು ಕಳಸ್ರಿ. ಕೊಡಲಿಲ್ಲಂದ್ರ ಶಾಂತಿನಗರದ ಗ್ರಾಹಕ ಆಯೋಗಕ್ಕ ಹೋಗೂದು. ಅಲ್ಲಿ ಸಣ್ಣ ಮೊತ್ತಕ್ಕ ಶುಲ್ಕನೂ ಇಲ್ಲ.

ವಸುಧಾ ಕೆ., ಜಯನಗರ

ರೇಣುಕಾ ಅವರೇ, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಇಲ್ಲ ಅನ್ನೋದು ಸರಿ. ದೂರು ಕೊಡೋಕೆ ಎರಡು ವರ್ಷ ಅವಕಾಶವೂ ಇದೆ. ಆದ್ರೆ ಈ ಪತ್ರದಲ್ಲೇ 5000 ಕೇಳಿದ್ರೆ ಏನಾಗುತ್ತೆ ಅಂತ ಹೇಳ್ತೀನಿ. 47.20ನ್ನ ಮೊದಲ ಹಂತದವರೋ ಅವರ ಮೇಲಿನವರೋ ತಾವೇ ಮಂಜೂರು ಮಾಡಬಹುದು. 5000 ಅಂದ ಕೂಡಲೇ ಅದು ಅವರ ಕೈ ಮೀರಿ ಕಾನೂನು ವಿಭಾಗಕ್ಕೆ ಹೋಗುತ್ತೆ, ಅಲ್ಲಿ ಕೂತುಬಿಡುತ್ತೆ. ನಿರ್ವಿವಾದವಾದ ಹಣವೂ ವಿವಾದದ ಹಣದ ಜೊತೆ ಸಿಕ್ಕಿಹಾಕಿಕೊಳ್ಳುತ್ತೆ. ಮೊದಲು ಶುಲ್ಕ ಬಿಡಿಸಿಕೊಳ್ಳಲಿ.

ರೇಣುಕಾ, ಧಾರವಾಡದಾಕಿ, ಈಗ ಯಲಹಂಕ

ನಿಮ್ಮ ಮಾತು ತಿಳೀತು, ಆದ್ರ ನಾ ಪೂರ್ತಿ ಒಪ್ಪಂಗಿಲ್ರಿ. ಬರೇ ಶುಲ್ಕ ವಾಪಸ್ ಕೊಟ್ಟು ಪಾರಾಗತಾರ ಅಂದ್ರ ಅವರು ಸುಳ್ಳ ಸಮಯ ಒತ್ತೂದು ಯಾಕ ಬಿಡ್ತಾರ? ಕೇಳಿದವರಿಗೆ ಕೊಟ್ಟರಾತು, ಕೇಳದವರದು ಉಳೀತು.

ಶ್ರೀನಿವಾಸ ಅಯ್ಯಂಗಾರ್, ಮಲ್ಲೇಶ್ವರ

ಲೆಕ್ಕಪತ್ರದ ಕೆಲಸ ಮಾಡುವವನಾಗಿ ಒಂದು ವಿಷಯ ಹೇಳುತ್ತೇನೆ. ಪತ್ರದಲ್ಲಿ ಕೇವಲ 40 ರೂಪಾಯಿ ಎಂದು ಬರೆಯಬೇಡಿ. ಡೆಲಿವರಿ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಹಾಕಿದ್ದಾರೆ, ಅದೇ ಆ 7.20. ಶುಲ್ಕವೇ ಸಲ್ಲದು ಎಂದಾದರೆ ಅದರ ಮೇಲಿನ ತೆರಿಗೆಯೂ ಸಲ್ಲದು. ಕಂಪನಿ ನಿಮ್ಮ ಹೆಸರಿಗೆ ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನ ಮೊತ್ತವನ್ನು ಇಳಿಸುವ ಪತ್ರ, ಮಾಡಿ ತೆರಿಗೆಯನ್ನೂ ಕಡಿಮೆ ಮಾಡಿಕೊಳ್ಳಬಹುದು. ಹಾಗೆ ಮಾಡಿದರೆ ಅವರಿಗೆ ಕೈಯಿಂದ ಹೋಗುವುದು 40 ಮಾತ್ರ. ತೆರಿಗೆ ಸರ್ಕಾರಕ್ಕೆ ಹೋಗಿದೆ, ಕೊಡಲಾಗದು ಎಂದು ಹೇಳುವುದನ್ನು ಕೇಳಿದ್ದೇನೆ. ಅದನ್ನು ಒಪ್ಪಬೇಡಿ. ಬಿಲ್ಲಿನಲ್ಲಿ ಎರಡೂ ಸಾಲು ಬೇರೆ ಬೇರೆ ಇರುವುದರಿಂದ ಪತ್ರದಲ್ಲೂ ಎರಡನ್ನೂ ಬಿಡಿಸಿ ಬರೆದು ಒಟ್ಟು ಹಾಕಿ.

ಇಮ್ರಾನ್, ಶಿವಾಜಿನಗರ

ಅಕ್ಕ, ಕಳಿಸೋ ಮುಂಚೆ ಒಂದು ಎಚ್ಚರಿಕೆ. ಕಂಪನಿಯ ಕಸ್ಟಮರ್ ಕೇರ್ ನಂಬರನ್ನ ಗೂಗಲ್‌ನಲ್ಲಿ ಹುಡುಕಿ ಫೋನ್ ಮಾಡಬೇಡಿ. ನಮ್ಮ ದೊಡ್ಡಪ್ಪ ಹಾಗೇ ಮಾಡಿ ನಕಲಿ ನಂಬರ್‌ಗೆ ಸಿಕ್ಕಿದ್ರು. ಹಣ ವಾಪಸ್ ಹಾಕ್ತೀವಿ, ಬಂದಿರೋ ಮನವಿಗೆ ಯುಪಿಐ ಪಿನ್ ಒತ್ತಿ ಅಂದ್ರು, ಒತ್ತಿದ ಕೂಡಲೇ ಖಾತೆಯಿಂದ ಹೋಯ್ತು. ಹಣ ನಮಗೆ ಬರೋದಕ್ಕೆ ಪಿನ್ ಬೇಕಿಲ್ಲ, ಹೋಗೋದಕ್ಕೆ ಮಾತ್ರ ಬೇಕು. ಹಾಗೇನಾದ್ರೂ ಆದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ. ವಿಳಾಸವನ್ನ ಆ್ಯಪ್ ಒಳಗಿಂದಲೇ ತಗೊಳ್ಳಿ. ಇಲ್ಲಿ ಹಾಕೋ ಕರಡಿನಲ್ಲಿ ಆರ್ಡರ್ ಸಂಖ್ಯೆ, ಫೋನ್ ನಂಬರ್ ತೋರಿಸಬೇಡಿ.

ಗುರುಪ್ರಸಾದ್, ಬಸವೇಶ್ವರನಗರ

ನಂಗೊಂದು ಅನುಮಾನ. ಇಂಥ ಷರತ್ತುಗಳಲ್ಲಿ "ಮಳೆ, ಬಂದ್, ಸಂಚಾರ ದಟ್ಟಣೆ ಇದ್ದಾಗ ಅನ್ವಯಿಸದು" ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ. ಮೇಡಂ ಅದನ್ನ ನೋಡಿದ್ರಾ? ಶನಿವಾರ ಬೆಳಗ್ಗೆ ವಿಜಯನಗರದ ಕಡೆ ಮಳೆ ಹನೀತಿತ್ತು.

ಶ್ರೀದೇವಿ, ರಾಜರಾಜೇಶ್ವರಿ ನಗರ

ಈಗ ಓದಿದೆ. "ಭಾರಿ ಮಳೆ" ಅಂತ ಇದೆ. ಸಂಚಾರದ ಮಾತಿಲ್ಲ. ನಮ್ಮ ಕಡೆ ನೆಲ ಒಣಗಿತ್ತು. ಅವರ ಗೋಡೌನ್ ಎಲ್ಲಿದೆಯೋ ಗೊತ್ತಿಲ್ಲ. ಇದನ್ನ ಪತ್ರದಲ್ಲಿ ಮೊದಲೇ ಹೇಳಿಬಿಡಲಾ, ಮಳೆ ಇರಲಿಲ್ಲ ಅಂತ?

ವಸುಧಾ ಕೆ., ಜಯನಗರ

ಬೇಡ. ಗುರುಪ್ರಸಾದ್ ಅವರು ಒಳ್ಳೆ ಜಾಗ ಹಿಡಿದಿದ್ದಾರೆ, ಆದ್ರೆ ಅವರು ಎತ್ತದ ವಾದವನ್ನ ನೀವೇ ಎತ್ತಿಕೊಡಬೇಡಿ. ಅವರು ಈಗಾಗಲೇ ಬರವಣಿಗೆಯಲ್ಲಿ "7:58ಕ್ಕೆ ಸಮಯದೊಳಗೆ ತಲುಪಿದೆ" ಅಂದಿದ್ದಾರೆ. ನಾಳೆ "ಮಳೆಯಿಂದ ತಡವಾಯ್ತು" ಅಂದ್ರೆ ಮೊದಲ ಮಾತನ್ನ ಅವರೇ ಕೈಬಿಟ್ಟ ಹಾಗೆ. ಎರಡೂ ಒಟ್ಟಿಗೆ ನಿಲ್ಲಲ್ಲ. ಆ ಚಾಟಿನ ಚಿತ್ರ ಲಗತ್ತಿಸೋದು ಅದಕ್ಕೇ. ಒಂದು ವೇಳೆ ಮಳೆ ಅಂತ ಬಂದ್ರೆ, ತಡವಾಗುತ್ತೆ ಅಂತ ಆ ಬೆಳಗ್ಗೆ ನನಗೆ ಸೂಚನೆ ಕಳಿಸಿದ್ರಾ ಅಂತ ಕೇಳಿ.

ಕನ್ನಡದಲ್ಲಿ ಬರೆಯೋ ಬಗ್ಗೆ ಕೇಳಿದ್ರಿ. ಬರೀರಿ. ಸಮಯ, ಮೊತ್ತ ಅಂಕಿಗಳಲ್ಲಿರಲಿ, ಪ್ಯಾರಾಗಳು ಚಿಕ್ಕದಾಗಿರಲಿ. ಭಾಷೆ ಬಾರದವರ ಕೈಗೆ ಹೋದ್ರೂ ಅಂಕಿಗಳಿಂದ ವಿಷಯ ಹಿಡೀತಾರೆ. ವಿಷಯದ ಸಾಲನ್ನ ಮಾತ್ರ ಇಂಗ್ಲಿಷ್‌ನಲ್ಲೂ ಹಾಕಿದ್ರೆ ಸರಿಯಾದ ವರ್ಗಕ್ಕೆ ಬೀಳೋದು ಸುಲಭ.

ಶ್ರೀದೇವಿ, ರಾಜರಾಜೇಶ್ವರಿ ನಗರ

ಎಲ್ಲರ ಮಾತು ಸೇರಿಸಿ ಹೊಸದಾಗಿ ಬರೆದಿದ್ದೀನಿ:

> ವಿಷಯ: ಆರ್ಡರ್ ಸಂಖ್ಯೆ (ಮರೆಮಾಡಿದೆ): ತಪ್ಪಾಗಿ ವಿಧಿಸಿದ ಡೆಲಿವರಿ ಶುಲ್ಕ 47.20 ರೂ. ಹಿಂದಿರುಗಿಸುವ ಬಗ್ಗೆ
>
> ಕುಂದುಕೊರತೆ ಅಧಿಕಾರಿಯವರಿಗೆ,
>
> ಮೇಲಿನ ಆರ್ಡರ್‌ನಲ್ಲಿ ಡೆಲಿವರಿ ಶುಲ್ಕ 40.00 ರೂ. ಮತ್ತು ಅದರ ಮೇಲಿನ ಜಿಎಸ್‌ಟಿ 7.20 ರೂ., ಒಟ್ಟು 47.20 ರೂ. ಪಡೆದಿದ್ದೀರಿ. ನಿಮ್ಮದೇ ಷರತ್ತಿನ ಪ್ರಕಾರ ಈ ಮೊತ್ತ ನನಗೆ ಹಿಂದಿರುಗಬೇಕು.
>
> ನಾನು ಆರಿಸಿಕೊಂಡ ಸ್ಲಾಟ್ ಶನಿವಾರ ಬೆಳಗ್ಗೆ 7ರಿಂದ 8. ನಿಮ್ಮ ಸಹಾಯ ಪುಟದಲ್ಲಿ "ಸ್ಲಾಟ್ ಮುಗಿದ 30 ನಿಮಿಷದೊಳಗೆ ಆರ್ಡರ್ ತಲುಪದಿದ್ದರೆ ಡೆಲಿವರಿ ಶುಲ್ಕ ವಾಪಸ್" ಎಂದಿದೆ. ಅಂದರೆ ಗಡುವು 8:30. ಆರ್ಡರ್ ಮನೆ ತಲುಪಿದ್ದು 9:22ಕ್ಕೆ.
>
> ಆರ್ಡರ್ 7:58ಕ್ಕೆ ತಲುಪಿದೆ ಎಂದು ಚಾಟ್‌ನಲ್ಲಿ ನಿಮ್ಮ ಸಿಬ್ಬಂದಿ ತಿಳಿಸಿದರು. ನಿಮ್ಮ ವ್ಯವಸ್ಥೆಯ ಮೂಲಕವೇ ರೈಡರ್ 9:08ಕ್ಕೆ ನನಗೆ ಕರೆ ಮಾಡಿ ಯಾವ ಗೇಟಿಗೆ ಬರಬೇಕೆಂದು ಕೇಳಿದ್ದಾರೆ. 9:17ಕ್ಕೆ ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಅವರ ಪ್ರವೇಶ ದಾಖಲಾಗಿದೆ. 7:58ಕ್ಕೆ ಡೆಲಿವರಿ ಮುಗಿದಿದ್ದರೆ ಈ ಎರಡೂ ಆಗಲು ಕಾರಣವಿರಲಿಲ್ಲ. ನಿಮ್ಮ ಕರೆ ದಾಖಲೆ ಮತ್ತು ರೈಡರ್ ಇದ್ದ ಸ್ಥಳದ ದಾಖಲೆಯನ್ನು ಈ ಸಮಯಗಳ ಜೊತೆ ಹೋಲಿಸಿ ನೋಡಬೇಕೆಂದು ಕೋರುತ್ತೇನೆ.
>
> 47.20 ರೂ.ಗಳನ್ನು ನಾನು ಪಾವತಿಸಿದ ಯುಪಿಐ ಖಾತೆಗೇ ಹಿಂದಿರುಗಿಸಿ, ಅದರ ವಹಿವಾಟು ಉಲ್ಲೇಖ ಸಂಖ್ಯೆ ತಿಳಿಸಿ. ಕೂಪನ್ ಅಥವಾ ಆ್ಯಪ್ ವಾಲೆಟ್ ಜಮೆಯನ್ನು ನಾನು ಒಪ್ಪುವುದಿಲ್ಲ. ಚಾಟ್‌ನಲ್ಲಿ ಕೊಟ್ಟ 20 ರೂ. ಕೂಪನ್ ಬಳಸಿಲ್ಲ, ಅದನ್ನು ರದ್ದು ಮಾಡಬಹುದು.
>
> ಈ ದೂರು ರೈಡರ್ ವಿರುದ್ಧ ಅಲ್ಲ. ಅವರ ಮೇಲೆ ಕ್ರಮ ಬೇಡ.
>
> ಇ-ಕಾಮರ್ಸ್ ನಿಯಮಗಳು 2020ರಂತೆ 48 ಗಂಟೆಯೊಳಗೆ ದೂರಿನ ಸಂಖ್ಯೆ ಸಹಿತ ಸ್ವೀಕೃತಿಯನ್ನೂ ಒಂದು ತಿಂಗಳೊಳಗೆ ಪರಿಹಾರವನ್ನೂ ನಿರೀಕ್ಷಿಸುತ್ತೇನೆ.
>
> ಲಗತ್ತು: ಆರ್ಡರ್ ಮೆಸೇಜು, ಬಿಲ್, ಸಹಾಯ ಪುಟ, ಕರೆ ಪಟ್ಟಿ, ಗೇಟ್ ದಾಖಲೆ, ಚಾಟ್.

ಅತ್ತೆಯ ವಿಷಯ ಪೂರ್ತಿ ತೆಗೆದೆ. ತೆಗೆಯೋಕೆ ಮನಸ್ಸು ಬರಲಿಲ್ಲ, ಆದ್ರೆ 47.20ಕ್ಕೂ ಅದಕ್ಕೂ ಸಂಬಂಧ ಇಲ್ಲ ಅನ್ನೋದು ಅರ್ಥ ಆಯ್ತು.

ವಸುಧಾ ಕೆ., ಜಯನಗರ

ಕಳಿಸಿ. ಕೂಪನ್ ಬಳಸಿಲ್ಲ ಅನ್ನೋ ಸಾಲು ನನಗೂ ಹೊಳೆದಿರಲಿಲ್ಲ. ಬಳಸಿದ್ದರೆ "ಪರಿಹಾರ ಆಗಲೇ ಸ್ವೀಕರಿಸಿದ್ದೀರಿ" ಅಂತಿದ್ರು.

ಮಂಜುನಾಥ, ಕೆಂಗೇರಿ

ಥ್ಯಾಂಕ್ಸ್ ಅಕ್ಕ ಆ ಸಾಲಿಗೆ.

ಶ್ರೀದೇವಿ, ರಾಜರಾಜೇಶ್ವರಿ ನಗರ

ಕಳಿಸಿದ್ದೆ. ಗಡುವಿನೊಳಗೇ ದೂರಿನ ಸಂಖ್ಯೆ ಬಂತು. ಈಗ ಉತ್ತರವೂ ಬಂದಿದೆ, ಕನ್ನಡದಲ್ಲಿ ಅಲ್ಲ. ಸಾರಾಂಶ: ಸಾಮಾನು ತಲುಪೋ ಮುಂಚೆಯೇ ಡೆಲಿವರಿ ಆಯ್ತು ಅಂತ ದಾಖಲಾಗಿದ್ದು ಕಂಡುಬಂದಿದೆ, "ಸೌಜನ್ಯಕ್ಕಾಗಿ" 40 ರೂಪಾಯಿಯನ್ನ ಆ್ಯಪ್ ವಾಲೆಟ್‌ಗೆ ಹಾಕಿದ್ದಾರಂತೆ. 7.20ರ ಮಾತೇ ಇಲ್ಲ. ರೈಡರ್ ಬಗ್ಗೆಯೂ ಏನೂ ಇಲ್ಲ.

ಶ್ರೀನಿವಾಸ ಅಯ್ಯಂಗಾರ್, ಮಲ್ಲೇಶ್ವರ

ಸೌಜನ್ಯ ಎಂಬ ಪದವನ್ನು ಗಮನಿಸಿ. ಸೌಜನ್ಯದ ಜಮೆ ಎಂದರೆ ಅವರ ಲೆಕ್ಕದಲ್ಲಿ ಅದು ಪ್ರಚಾರದ ಖರ್ಚು, ಶುಲ್ಕ ಹಾಗೇ ಉಳಿದಿದೆ, ತೆರಿಗೆಯೂ ಉಳಿದಿದೆ. ಶುಲ್ಕ ರದ್ದು ಮಾಡಿ ಕ್ರೆಡಿಟ್ ನೋಟ್ ಕಳಿಸಿ ಎಂದು ಕೇಳಿ. ಆಗ 47.20 ತಾನಾಗಿ ಬರುತ್ತದೆ.

ಗುರುಪ್ರಸಾದ್, ಬಸವೇಶ್ವರನಗರ

ಸಾರ್, 7 ರೂಪಾಯಿಗೆ ಅವರು ಕ್ರೆಡಿಟ್ ನೋಟ್ ಮಾಡ್ತಾರಾ? ವಾಲೆಟ್‌ನಲ್ಲಿ 40 ಬಂದಿದೆ, ಮೇಡಂ ಹೇಗೂ ಅಲ್ಲೇ ಸಾಮಾನು ತಗೊಳ್ಳೋದು. ಇಲ್ಲಿಗೆ ಬಿಡಬಹುದು ಅನ್ಸುತ್ತೆ ನಂಗೆ.

ವಸುಧಾ ಕೆ., ಜಯನಗರ

ಬಿಡೋದು ಬಿಡದೇ ಇರೋದು ಅವರಿಷ್ಟ. ಬಿಡಲ್ಲ ಅಂದ್ರೆ, ಶ್ರೀದೇವಿಯವರೇ, ಹೊಸ ದೂರು ಮಾಡಬೇಡಿ. ಅದೇ ಇಮೇಲ್‌ಗೆ ಉತ್ತರವಾಗಿ ಬರೀರಿ, ದೂರಿನ ಸಂಖ್ಯೆ ಅದೇ ಇರಲಿ. "ಸಮಯ ತಪ್ಪಾಗಿ ದಾಖಲಾಗಿದೆ ಎಂದು ನೀವೇ ಒಪ್ಪಿದ್ದೀರಿ. ಹಾಗಾದರೆ ಷರತ್ತಿನಂತೆ ಶುಲ್ಕವೇ ರದ್ದಾಗಬೇಕು, ಸೌಜನ್ಯದ ಪ್ರಶ್ನೆ ಬರುವುದಿಲ್ಲ. ವಾಲೆಟ್ ಜಮೆ ಹಿಂದಕ್ಕೆ ಪಡೆದು 47.20ನ್ನು ಯುಪಿಐ ಖಾತೆಗೆ ಹಾಕಿ." ಇಷ್ಟೇ. ವಾಲೆಟ್‌ನ 40ನ್ನ ಮುಟ್ಟಬೇಡಿ, ಅದಕ್ಕೆ ಅವಧಿ ಮುಗಿಯೋ ದಿನ ಇದೆಯಾ ನೋಡಿ, ಇದ್ರೆ ಅದರ ಚಿತ್ರವನ್ನೂ ಹಾಕಿ.

ತಿಂಗಳ ಗಡುವು ದಾಟಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. consumerhelpline.gov.in ನಲ್ಲೂ ಹಾಕಬಹುದು. ಕನ್ನಡವೂ ಸೇರಿ 17 ಭಾಷೆಗಳಲ್ಲಿ ಸೇವೆ ಇದೆ. ಅವರು ದೂರನ್ನ ಕಂಪನಿಗೆ ದಾಟಿಸಿ ಉತ್ತರ ತರಿಸ್ತಾರೆ, ಆದೇಶ ಹೊರಡಿಸೋ ಅಧಿಕಾರ ಅವರಿಗಿಲ್ಲ. ನಿಮ್ಮ ಹತ್ತಿರ ಕಂಪನಿಯ ದೂರಿನ ಸಂಖ್ಯೆ, ಒಪ್ಪಿಕೊಂಡ ಉತ್ತರ ಎರಡೂ ಇರೋದ್ರಿಂದ ಅಲ್ಲಿ ಹೇಳೋದಕ್ಕೆ ಬಹಳ ಉಳಿದಿಲ್ಲ.

ರೇಣುಕಾ, ಧಾರವಾಡದಾಕಿ, ಈಗ ಯಲಹಂಕ

ನೋಡ್ರಿ, ತಪ್ಪಾಗೇದ ಅಂತ ಬರದು ಕೊಟ್ಟೂ ಸೌಜನ್ಯ ಅಂತಾರ. ಅವತ್ತು ಆ ಚೀಲದಾಗಿದ್ದ ಉಳದ ಮನಿಗೋಳಿಗೂ ಶುಲ್ಕ ವಾಪಸ್ ಹೋತೇನ ಅಂತ ಒಂದ ಸಾಲು ಕೇಳ್ರಿ ನೀವು.

ಶ್ರೀದೇವಿ, ರಾಜರಾಜೇಶ್ವರಿ ನಗರ

ರೇಣುಕಾ ಅವರೇ, ಆ ಸಾಲನ್ನ ಬೇರೆ ಇಮೇಲ್‌ನಲ್ಲಿ ಕೇಳ್ತೀನಿ, ಇದರ ಜೊತೆ ಬೆರೆಸಲ್ಲ. ವಾಲೆಟ್ ಜಮೆಗೆ 30 ದಿನದ ಅವಧಿ ಇದೆ, ಚಿತ್ರ ತೆಗೆದಿದ್ದೀನಿ. ವಸುಧಾ ಅವರು ಹೇಳಿದ ಉತ್ತರವನ್ನ ಅದೇ ಸಂಖ್ಯೆಯಲ್ಲಿ ಈಗಷ್ಟೇ ಕಳಿಸಿದೆ, ಕ್ರೆಡಿಟ್ ನೋಟ್ ಮಾತೂ ಸೇರಿಸಿದೆ.

ಮಂಜುನಾಥ, ಕೆಂಗೇರಿ

ಅಕ್ಕ, ರೈಡರ್ ಮೇಲೆ ಕ್ರಮ ತಗೊಂಡ್ರಾ ಅಂತಾನೂ ಕೇಳಿದ್ರಾ?

ಶ್ರೀದೇವಿ, ರಾಜರಾಜೇಶ್ವರಿ ನಗರ

ಕೇಳಿದ್ದೀನಿ ಮಂಜುನಾಥ. ಉತ್ತರ ಬಂದ ಮೇಲೆ ಇಲ್ಲೇ ಹಾಕ್ತೀನಿ.

ಲಲಿತಮ್ಮ, ಮತ್ತೀಕೆರೆ

ವಸುಧಾ, ನಾನು ಷರತ್ತು ಹುಡುಕಿ ಓದಿಸಿದೆ ಮೊಮ್ಮಗನ ಕೈಲಿ. "ಕೊನೆ ಬಿಲ್ ಮೊತ್ತ" ಅಂತ ಎಲ್ಲೂ ಇಲ್ಲ, "ಆರ್ಡರ್ ಮಾಡುವಾಗಿನ ಮೊತ್ತ" ಅಂತ ಇದೆ. ಆ ಸಾಲಿನ ಚಿತ್ರ ತೆಗೆದಿಟ್ಟಿದ್ದೀವಿ. ಆರ್ಡರ್ ಮೆಸೇಜು ಅಳಿಸಿಹೋಗಿದೆ, ಆ್ಯಪ್‌ನಲ್ಲಿ ಹಳೇ ಆರ್ಡರ್ ತೆಗೆದ್ರೆ ಮೊದಲಿನ 530 ಕಾಣುತ್ತಾ?

ವಸುಧಾ ಕೆ., ಜಯನಗರ

ಕೆಲವು ಆ್ಯಪ್‌ಗಳಲ್ಲಿ ಕೊನೆ ಮೊತ್ತ ಮಾತ್ರ ಕಾಣುತ್ತೆ. ಆದ್ರೆ ನೀವು ಯುಪಿಐನಲ್ಲಿ ಕಟ್ಟಿದ್ದು 530 ತಾನೇ, ಬೇಳೆ ತೆಗೆದ ಮೇಲೆ ಸ್ವಲ್ಪ ವಾಪಸ್ ಬಂತು? ಹಾಗಾದ್ರೆ ಯುಪಿಐ ಆ್ಯಪ್‌ನ ಇತಿಹಾಸದಲ್ಲಿ ಕಟ್ಟಿದ್ದು, ವಾಪಸ್ ಬಂದದ್ದು ಎರಡೂ ಇರುತ್ತೆ. 530 ಕಟ್ಟಿದ ಸಾಲೇ ನಿಮ್ಮ ಸಾಕ್ಷಿ, ಡೆಲಿವರಿ ಶುಲ್ಕ ಅದರಲ್ಲಿ ಇರಲಿಲ್ಲ ಅನ್ನೋದು ಸಾಮಾನಿನ ಬೆಲೆ ಕೂಡಿದ್ರೆ ಗೊತ್ತಾಗುತ್ತೆ. ಬೇಳೆ ಬೆಲೆ ಎಷ್ಟು, ವಾಪಸ್ ಬಂದದ್ದು ಎಷ್ಟು ಅಂತ ನೋಡಿ ಹೇಳಿ. ಎರಡರ ವ್ಯತ್ಯಾಸವೇ ನೀವು ಕೇಳಬೇಕಾದ ಮೊತ್ತ.